ಪರಿಚಯದ ವಿಡಿಯೊ ಕೇಳಿದ ರಿಕ್ರೂಟರ್‌ಗೆ ಉತ್ತರ

ರೆಸ್ಯೂಮೆ ನೋಡಿದ ರಿಕ್ರೂಟರ್ ಫೋನ್ ಮಾಡುವ ಬದಲು ‘ನಿಮ್ಮ ಪರಿಚಯ ಹೇಳಿ ಎರಡು ನಿಮಿಷದ ವಿಡಿಯೊ ಕಳಿಸಿ’ ಎಂದು ಬರೆಯುವುದು ಈಗ ಅಪರೂಪವಲ್ಲ. ಒಂದು ಹುದ್ದೆಗೆ ರಾಶಿ ಅರ್ಜಿಗಳು ಬಂದಾಗ ಎಲ್ಲರ ಜೊತೆ ಮಾತಾಡುವುದು ಆಗದ ಕೆಲಸ. ವಿಡಿಯೊ ಆದರೆ ಬಿಡುವಾದಾಗ ನೋಡಬಹುದು, ಕ್ಲೈಂಟ್ ಕಂಪನಿಗೂ ದಾಟಿಸಬಹುದು. ಕಸ್ಟಮರ್ ಸಪೋರ್ಟ್, ಸೇಲ್ಸ್‌ನಂಥ ಮಾತಿನ ಕೆಲಸಗಳಿಗೆ ಈ ಬೇಡಿಕೆಯಲ್ಲಿ ಅರ್ಥವೂ ಇದೆ. ಅಕೌಂಟ್ಸ್ ಅಥವಾ ಡೇಟಾ ಎಂಟ್ರಿಗೆ ಅಷ್ಟಾಗಿ ಇಲ್ಲ. ರೆಸ್ಯೂಮೆ ಹೇಳದ ವಯಸ್ಸು, ಮೈಬಣ್ಣ, ಉಚ್ಚಾರಣೆ, ಹಿಂದಿನ ಗೋಡೆಯ ಮೇಲಿನ ದೇವರ ಪಟ, ಇವೆಲ್ಲ ವಿಡಿಯೊದ ಮೊದಲ ಕ್ಷಣಗಳಲ್ಲೇ ಕಾಣುತ್ತವೆ. ಆಯ್ಕೆ ಅವುಗಳ ಮೇಲೆ ನಡೆದರೂ ಅಭ್ಯರ್ಥಿಗೆ ತಿಳಿಯುವುದಿಲ್ಲ. ಫೋನಿನಲ್ಲಿ ಅಭ್ಯರ್ಥಿಯೂ ಪ್ರಶ್ನೆ ಕೇಳಬಹುದು. ವಿಡಿಯೊದಲ್ಲಿ ಆ ಅವಕಾಶವಿಲ್ಲ. ಕೇಳಬೇಕಾದುದನ್ನು ವಿಡಿಯೊಗೆ ಮೊದಲು ಹೋಗುವ ಉತ್ತರದಲ್ಲೇ ಕೇಳಬೇಕು.

ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಅಕೌಂಟ್ಸ್ ಕೆಲಸ ಮಾಡಿದ ಬಿ.ಕಾಂ. ಪದವೀಧರೆಯೊಬ್ಬಳಿಗೆ ಬೆಂಗಳೂರಿನ ಕನ್ಸಲ್ಟೆನ್ಸಿಯೊಂದರಿಂದ ಮೇಲ್ ಬಂದಿದೆ ಎಂದುಕೊಳ್ಳೋಣ. ಕಂಪನಿಯ ಹೆಸರಿಲ್ಲ, ‘ನಾಳೆ ಸಂಜೆಯೊಳಗೆ ವಾಟ್ಸ್‌ಆ್ಯಪ್ ಮಾಡಿ’ ಎಂದಷ್ಟೇ ಇದೆ. ತಕ್ಷಣ ವಿಡಿಯೊ ಕಳಿಸುವುದೂ ಬೇಡ, ಆಕ್ಷೇಪದ ದೊಡ್ಡ ಪತ್ರವೂ ಬೇಡ. ಹೀಗೆ ಬರೆದರೆ ಸಾಕು:

‘ನಮಸ್ಕಾರ ಮೇಡಂ. ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ನನ್ನನ್ನು ಪರಿಗಣಿಸಿದ್ದಕ್ಕೆ ಧನ್ಯವಾದ. ವಿಡಿಯೊ ಕಳಿಸಲು ಸಿದ್ಧಳಿದ್ದೇನೆ. ಅದಕ್ಕೆ ಮೊದಲು ಹುದ್ದೆ ಯಾವ ಕಂಪನಿಯದು, ವಿಡಿಯೊದಲ್ಲಿ ಯಾವ ವಿಷಯ ಬರಬೇಕು, ಅದನ್ನು ಯಾರು ನೋಡುತ್ತಾರೆ, ಆಯ್ಕೆ ಮುಗಿದ ಮೇಲೆ ಅಳಿಸುತ್ತೀರಾ ಎಂಬುದನ್ನು ದಯವಿಟ್ಟು ತಿಳಿಸಿ. ನಿಮಗೆ ಅನುಕೂಲವಾದರೆ ನಾಳೆ ಸಂಜೆ 5ರಿಂದ 7ರ ನಡುವೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಲೂ ಬಹುದು.’

ಒಪ್ಪಿಗೆ ಮೊದಲು ಬಂದಿರುವುದರಿಂದ ಮುಂದಿನ ಪ್ರಶ್ನೆಗಳು ತಕರಾರಿನಂತೆ ಕೇಳಿಸುವುದಿಲ್ಲ. ಸಮಯ ಸಹಿತ ಫೋನಿನ ಮಾತು ಬಂದಿರುವುದರಿಂದ ರಿಕ್ರೂಟರ್‌ಗೆ ಒಪ್ಪಿಕೊಳ್ಳುವುದು ಸುಲಭ. ತೊದಲು ಇರುವವರು, ಕ್ಯಾಮೆರಾ ಮುಂದೆ ಮಾತಾಡುವುದು ಕಷ್ಟವಾಗುವ ಬೇರೆ ಕಾರಣ ಇರುವವರು ಫೋನ್ ಅಥವಾ ಬರಹದ ಉತ್ತರವನ್ನೇ ನೇರವಾಗಿ ಕೋರಬಹುದು. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ವೈದ್ಯಕೀಯ ವಿವರ ಬೇಕಿಲ್ಲ.

ಮರುಉತ್ತರದಿಂದ ಬಹಳಷ್ಟು ತಿಳಿಯುತ್ತದೆ. ನಿಜವಾದ ಹುದ್ದೆ ಕೈಯಲ್ಲಿರುವ ರಿಕ್ರೂಟರ್ ಕಂಪನಿಯ ಹೆಸರು ಈಗಲೇ ಹೇಳಲಾಗದಿದ್ದರೂ ಕೆಲಸದ ವಿವರ, ಊರು, ಸಂಬಳದ ಮಿತಿ ತಿಳಿಸುತ್ತಾರೆ. ಪ್ರಶ್ನೆಗಳನ್ನು ಬಿಟ್ಟು ‘ಬೇಗ ಕಳಿಸಿ’ ಎಂದಷ್ಟೇ ಬಂದರೆ ಎಚ್ಚರ ಬೇಕು. ಆಧಾರ್ ಅಥವಾ ಪ್ಯಾನ್ ಕಾರ್ಡನ್ನು ಕ್ಯಾಮೆರಾಗೆ ಹಿಡಿದು ತೋರಿಸಿ, ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ, ನಂಬರ್ ಓದಿ ಎಂದು ಕೇಳಿದರೆ ಅದು ಪರಿಚಯವೇ ಅಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ವಿಡಿಯೊ ಕೆವೈಸಿಗೆ ಅವಕಾಶ ಕೊಟ್ಟಿದೆ. ಅಂಥ ದೃಶ್ಯ ಸಿಕ್ಕವರು ಅಭ್ಯರ್ಥಿಯ ಹೆಸರಿನಲ್ಲಿ ಖಾತೆ ಅಥವಾ ಸಾಲಕ್ಕೆ ಪ್ರಯತ್ನಿಸುವ ಅಪಾಯವಿದೆ. ಅಲ್ಲಿಗೆ ಮಾತುಕತೆ ನಿಲ್ಲಿಸುವುದೇ ಸರಿ.

ಉತ್ತರ ಸಮಾಧಾನಕರವಾಗಿದ್ದರೆ ವಿಡಿಯೊ. ನಮ್ಮಲ್ಲಿ ಪರಿಚಯ ಎಂದರೆ ತಂದೆ-ತಾಯಿಯ ಹೆಸರು, ಊರು, ಹವ್ಯಾಸಗಳಿಂದ ಶುರು ಮಾಡುವ ರೂಢಿ ಕ್ಯಾಂಪಸ್ ಸಂದರ್ಶನಗಳಿಂದಲೇ ಬಂದಿದೆ. ಇಲ್ಲಿ ಅದು ಬೇಡ. ಹುಟ್ಟಿದ ದಿನಾಂಕ, ಮನೆ ವಿಳಾಸವಂತೂ ಬೇಡವೇ ಬೇಡ. ಈಗಿನ ಕೆಲಸ, ಮಾಡಿದ ಒಂದು ನಿರ್ದಿಷ್ಟ ಕೆಲಸ, ಈ ಹುದ್ದೆ ಏಕೆ ಎಂಬ ಮೂರು ಮಾತಿಗೆ ಒಂದೂವರೆ ನಿಮಿಷ ಧಾರಾಳವಾಗುತ್ತದೆ. ಹುಬ್ಬಳ್ಳಿಯ ಅಭ್ಯರ್ಥಿ ‘ಟ್ಯಾಲಿ ಗೊತ್ತು’ ಎನ್ನುವ ಬದಲು ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಮೊದಲು ಖರೀದಿ ಬಿಲ್ಲುಗಳನ್ನು ಪೋರ್ಟಲ್‌ನ GSTR-2B ಜೊತೆ ಹೇಗೆ ತಾಳೆ ನೋಡುತ್ತಾಳೆ ಎಂದು ಹೇಳಿದರೆ ಕೇಳುವವರಿಗೆ ಅವಳ ಕೆಲಸ ಕಾಣುತ್ತದೆ.

ಮೊಬೈಲಿನ ಒಂದೂವರೆ ನಿಮಿಷದ ವಿಡಿಯೊ ಜಿಮೇಲ್‌ನ 25 ಎಂಬಿ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಮಾಡಿದರೂ ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಗೂಗಲ್ ಡ್ರೈವ್‌ನಲ್ಲಿಟ್ಟು ರಿಕ್ರೂಟರ್‌ನ ಇಮೇಲ್ ವಿಳಾಸಕ್ಕೆ ಮಾತ್ರ ನೋಡುವ ಅನುಮತಿ ಕೊಡುವುದು ಮೇಲು. ಡೌನ್‌ಲೋಡ್ ತಡೆಯಬಹುದು, ಸ್ಕ್ರೀನ್ ರೆಕಾರ್ಡಿಂಗ್ ತಡೆಯಲಾಗದು. ಅನುಮತಿಯನ್ನು ಆಮೇಲೆ ಹಿಂದಕ್ಕೆ ಪಡೆಯಬಹುದು ಎಂಬುದೇ ಇದರ ಲಾಭ.

ಅಳಿಸುವ ಪ್ರಶ್ನೆ ಅತಿಯಾದುದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸಂದರ್ಶನದ ವಿಡಿಯೊವನ್ನು ಕೃತಕ ಬುದ್ಧಿಮತ್ತೆಯಿಂದ ಅಳೆಯುವ ಕಂಪನಿ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿ ಕೇಳಿದ 30 ದಿನಗಳಲ್ಲಿ ಅಳಿಸಬೇಕು ಎಂಬ ಕಾನೂನು 2020ರಿಂದ ಇದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಹಿಂಪಡೆಯುವ, ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂತಿದೆ. ಅಳಿಸುತ್ತೇವೆ ಎಂಬ ಮಾತು ಮೇಲ್‌ನಲ್ಲೇ ಇದ್ದರೆ, ಆಯ್ಕೆಯಾಗದಿದ್ದಾಗ ಅದೇ ಮೇಲ್‌ಗೆ ‘ನನ್ನ ವಿಡಿಯೊ ಮತ್ತು ಅದರ ಪ್ರತಿಗಳನ್ನು ಅಳಿಸಿ ತಿಳಿಸಿ’ ಎಂದು ಬರೆದು ಡ್ರೈವ್‌ನ ಅನುಮತಿಯನ್ನೂ ತೆಗೆಯಬಹುದು.