ಲಿಪ್‌ಸ್ಟಿಕ್ ತೆಗೆಯಲು ಉಜ್ಜಬೇಡಿ, ಎಣ್ಣೆ ಹಚ್ಚಿ

ಮದುವೆಗೆಂದು ಬೆಳಿಗ್ಗೆ ಹಚ್ಚಿದ ಲಿಕ್ವಿಡ್ ಮ್ಯಾಟ್ ಲಿಪ್‌ಸ್ಟಿಕ್ ಕಾಫಿ ಲೋಟಕ್ಕೆ ಅಂಟುವುದಿಲ್ಲ. ಮಧ್ಯಾಹ್ನ ತುಪ್ಪ ಸುರಿದ ಹೋಳಿಗೆ ತಿಂದ ಮೇಲೆ ಮಾತ್ರ ತುಟಿಯ ಒಳಅಂಚಿನಲ್ಲಿ ಬಣ್ಣ ಬಿಡತೊಡಗುತ್ತದೆ. ನೀರಿಗೆ ಜಗ್ಗದ ಈ ಬಣ್ಣ ಜಿಡ್ಡಿಗೆ ಕರಗುತ್ತದೆ.

ಕ್ರೀಮಿ ಲಿಪ್‌ಸ್ಟಿಕ್‌ನಲ್ಲಿ ಮೇಣ ಮತ್ತು ಹರಳೆಣ್ಣೆಯಂಥ ಎಣ್ಣೆಗಳು ಹೆಚ್ಚು. ಅದು ತುಟಿಯ ಮೇಲೆ ಜಿಡ್ಡಾಗಿಯೇ ಉಳಿದು ತೇವವನ್ನು ಕಾಯುತ್ತದೆ, ಆದರೆ ಬೇಗ ಅಳಿಸಿಹೋಗುತ್ತದೆ. ಲಿಕ್ವಿಡ್ ಮ್ಯಾಟ್‌ನ ಬಗೆಯೇ ಬೇರೆ. ಅದರಲ್ಲಿ ಸಾಮಾನ್ಯವಾಗಿ ಇರುವ ಐಸೊಡೊಡೆಕೇನ್ ಎಂಬ ದ್ರವ ಕೆಲವೇ ನಿಮಿಷಗಳಲ್ಲಿ ಆರಿಹೋಗಿ, ಬಣ್ಣವನ್ನು ಹಿಡಿದಿಟ್ಟ ಸಿಲಿಕೋನ್ ಪೊರೆ ತುಟಿಗೆ ಅಂಟಿಕೊಳ್ಳುತ್ತದೆ.

ತುಟಿಯ ಚರ್ಮ ಬಹಳ ತೆಳು. ಅಲ್ಲಿ ಬೆವರುಗ್ರಂಥಿಗಳಿಲ್ಲ, ಎಣ್ಣೆಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮ್ಯಾಟ್ ಪೊರೆಯ ಕೆಳಗೆ ಒಣಗಿದ ತುಟಿ ಬಿಗಿದಂತಾಗುತ್ತದೆ, ಗೆರೆಗಳು ಎದ್ದು ಕಾಣುತ್ತವೆ. ಆಗ ನಾಲಿಗೆಯಿಂದ ಸವರಿಕೊಂಡರೆ ಎಂಜಲು ಆರುವಾಗ ಇದ್ದ ತೇವವನ್ನೂ ಕೊಂಡೊಯ್ಯುತ್ತದೆ. ಜನವರಿಯ ಒಣಗಾಳಿಯಲ್ಲಿ ತುಟಿ ಒಡೆಯಲು ಇಷ್ಟೇ ಸಾಕು.

ಹಚ್ಚುವ ಹತ್ತು ನಿಮಿಷ ಮೊದಲು ತುಟಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಆಮೇಲೆ ಟಿಶ್ಯೂನಿಂದ ಒತ್ತಿ ಜಿಡ್ಡು ತೆಗೆಯಿರಿ. ಜಿಡ್ಡು ಉಳಿದರೆ ಮ್ಯಾಟ್ ಕೂರುವುದಿಲ್ಲ. ಒಂದೇ ಒಂದು ತೆಳು ಲೇಪ ಹಚ್ಚಿ. ಬಣ್ಣ ಮಾಸಿದ ಕಡೆ ಮತ್ತೆ ಮತ್ತೆ ಹಚ್ಚಿದರೆ ಪೊರೆ ದಪ್ಪಗಾಗಿ ಹಕ್ಕಳೆಯಂತೆ ಏಳುತ್ತದೆ.

ತುಟಿಗೆ ಹೆಚ್ಚು ಪೆಟ್ಟು ಬೀಳುವುದು ರಾತ್ರಿ ಬಣ್ಣ ತೆಗೆಯುವಾಗ. ಒದ್ದೆ ಬಟ್ಟೆಯಿಂದ ತಿಕ್ಕಿದರೆ ಬಣ್ಣದ ಜೊತೆ ಚರ್ಮದ ಸಿಪ್ಪೆಯೂ ಕಿತ್ತು ಬರುತ್ತದೆ. ಅದರ ಬದಲು ನಾಲ್ಕೈದು ಹನಿ ಕೊಬ್ಬರಿ ಎಣ್ಣೆಯನ್ನು ತುಟಿಗೆ ಸವರಿ ಒಂದೆರಡು ನಿಮಿಷ ಬಿಡಿ. ಬಣ್ಣ ಸಡಿಲವಾಗಿ ಜಾರತೊಡಗಿದಾಗ, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುಟಿಯ ಮೇಲೆ ಅರ್ಧ ನಿಮಿಷ ಒತ್ತಿಹಿಡಿದು, ಬಾಯಿಯ ಕೊನೆಯಿಂದ ನಡುವಿನತ್ತ ಮೆಲ್ಲಗೆ ಒರೆಸಿ. ಗೆರೆಗಳಲ್ಲಿ ಬಣ್ಣ ಉಳಿದಿದ್ದರೆ ಮತ್ತೊಮ್ಮೆ ಎಣ್ಣೆ ಹಚ್ಚಿ, ಉಗುರಿನಿಂದ ಕೆರೆಯಬೇಡಿ. ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು ಜೆಲ್ಲಿ ಹಚ್ಚಿ ಮಲಗಿ. ನೇಲ್ ಪಾಲಿಶ್ ರಿಮೂವರನ್ನಂತೂ ತುಟಿಯ ಹತ್ತಿರಕ್ಕೂ ತರಬೇಡಿ.

ಬರೀ ಒಣಗಿದ ತುಟಿ ಲಿಪ್‌ಸ್ಟಿಕ್ ಬಿಟ್ಟು ಜೆಲ್ಲಿ ಹಚ್ಚಿದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ತುರಿಕೆ, ಉರಿ, ಊತ ಇದ್ದು, ಕೆಂಪಾದದ್ದು ತುಟಿಯ ಗೆರೆ ದಾಟಿ ಹಬ್ಬಿದ್ದರೆ ಅದು ಅಲರ್ಜಿ ಇರಬಹುದು. ಸುಗಂಧ, ಹರಳೆಣ್ಣೆಯ ಅಂಶ, ಕೆಲವೊಮ್ಮೆ ಟೂತ್‌ಪೇಸ್ಟ್ ಕೂಡ ಇದಕ್ಕೆ ಕಾರಣವಾಗುತ್ತದೆ. ಆಗ ಮತ್ತೊಂದು ಬ್ರ್ಯಾಂಡ್ ಕೊಳ್ಳುವುದಕ್ಕೆ ಮೊದಲು ಚರ್ಮವೈದ್ಯರನ್ನು ಕಾಣಿ. ಹೋಗುವಾಗ ಬಳಸುತ್ತಿದ್ದ ಲಿಪ್‌ಸ್ಟಿಕ್ ಮತ್ತು ಲಿಪ್ ಬಾಮ್ ಎರಡನ್ನೂ ಜೊತೆಗೆ ಒಯ್ಯಿರಿ.