ಮೊಸರಿನ ಡಬ್ಬಿಯೇ ಅಳತೆ

ಫ್ರಾನ್ಸಿನ ಮನೆಮನೆಯ ಮೊಸರು ಕೇಕಿಗೆ ತಕ್ಕಡಿ ಬೇಡ. 125 ಗ್ರಾಂ ಮೊಸರಿನ ಪುಟ್ಟ ಡಬ್ಬಿ ಖಾಲಿಯಾದರೆ ಅದೇ ಅಳತೆ: ಸಕ್ಕರೆ ಎರಡು ಡಬ್ಬಿ, ಮೈದಾ ಮೂರು, ಎಣ್ಣೆ ಅರ್ಧ. ಮೊಟ್ಟೆ ಮೂರು.

ಅಂಬಲಪಾಡಿಯ ಮನೆಗೆ ಬರುವುದು ಪ್ಯಾಕೆಟ್ ಮೊಸರು. ಕನ್ನಡದಲ್ಲಿ ಡಬ್ಬಿಯನ್ನು ‘ಒಂದು ಕಪ್’ ಎಂದು ಬರೆದರೆ ಓದುಗರ ಕೈ 250 ಮಿಲಿಲೀಟರ್ ಕಪ್ಪಿಗೇ ಹೋಗುತ್ತದೆ. ಡಬ್ಬಿಯಲ್ಲಿ ಅಳೆದದ್ದೆಲ್ಲ ಇಮ್ಮಡಿ, ಮೊಟ್ಟೆ ಮೂರೇ! ಹಿಟ್ಟು ಗಟ್ಟಿಯಾಗಿ ಕೇಕ್ ಸರಿಯಾಗಿ ಉಬ್ಬುವುದಿಲ್ಲ.

ಹಾಗಾಗಿ ಅನುವಾದದಲ್ಲಿ ಮೊಸರು ಅರ್ಧ ಕಪ್, ಸಕ್ಕರೆ ಒಂದು, ಮೈದಾ ಒಂದೂವರೆ, ಎಣ್ಣೆ ಕಾಲು.

ಇನ್ನು, ಮೂಲದಲ್ಲಿ ‘ಒಂದು ಪೊಟ್ಟಣ’ ಎಂದಿರುವ ಬೇಕಿಂಗ್ ಪೌಡರ್. ಅಲ್ಲಿನ ಪೊಟ್ಟಣ ಸುಮಾರು 11 ಗ್ರಾಂ, ನಮ್ಮಲ್ಲಿ ಹೆಚ್ಚುಕಡಿಮೆ ಎರಡೂವರೆ ಟೀ ಚಮಚ. ಮೊಸರು ನೀರಾಗಿದ್ದರೆ ಬಟ್ಟೆಯಲ್ಲಿ ಸೋಸಬೇಕು. ಓವನ್ನಿನ ‘ಥರ್ಮೋಸ್ಟಾಟ್ 6’ ಎಂದರೆ 180 ಡಿಗ್ರಿ ಸೆಲ್ಸಿಯಸ್.