ಬೆಲೆ ಏರಿದರೂ ನಷ್ಟ ಹೇಗೆ?

ಲೆಕ್ಕಕ್ಕೆಂದು ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಅದರ ಷೇರು ಇವತ್ತು 1,500 ರೂಪಾಯಿ. ತಿಂಗಳೊಳಗೆ ಏರುತ್ತದೆಂದು ಅಕ್ಕ, ತಮ್ಮ ಇಬ್ಬರಿಗೂ ನಂಬಿಕೆ. ಅಕ್ಕ 6 ಲಕ್ಷ ಕೊಟ್ಟು 400 ಷೇರು ಕೊಂಡಳು. ತಮ್ಮನ ಹತ್ತಿರ ಅಷ್ಟು ದುಡ್ಡಿಲ್ಲ. ಅವನು ಅದೇ ಷೇರಿನ ಒಂದು ಲಾಟ್, ಅಂದರೆ 400 ಷೇರುಗಳ, ಕಾಲ್ ಆಪ್ಷನ್ ಕೊಂಡ. ತಿಂಗಳ ಕೊನೆಯ ಎಕ್ಸ್‌ಪೈರಿ ದಿನ ಬೆಲೆ ಎಷ್ಟೇ ಇರಲಿ, 1,500ಕ್ಕೇ ಕೊಳ್ಳುವ ಹಕ್ಕು ಅವನದು. ಈ 1,500 ಸ್ಟ್ರೈಕ್ ಬೆಲೆ. ಹಕ್ಕಿಗಾಗಿ ಅವನು ಕೊಟ್ಟ ಪ್ರೀಮಿಯಂ ಷೇರಿಗೆ 40 ರೂಪಾಯಿಯಂತೆ 16,000.

ಇದನ್ನು ಸೈಟಿಗೆ ಕೊಡುವ ಮುಂಗಡ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮುಂಗಡವನ್ನು ಕೊನೆಗೆ ಸೈಟಿನ ಬೆಲೆಯಲ್ಲಿ ಹಿಡಿದುಕೊಳ್ಳುತ್ತಾರೆ. ಪ್ರೀಮಿಯಂ ಹಾಗಲ್ಲ, ಕೊಟ್ಟ ಮೇಲೆ ಹೋಯಿತು.

ಎಕ್ಸ್‌ಪೈರಿ ದಿನ ಷೇರು 1,700 ಆಗಿದೆ ಎನ್ನಿ. ಅಕ್ಕನಿಗೆ 80,000 ಲಾಭ. ತಮ್ಮನ ಹಕ್ಕಿನ ಬೆಲೆಯೂ 80,000. ಪ್ರೀಮಿಯಂ ಕಳೆದರೆ 64,000. ಹಾಕಿದ್ದು 16,000, ಗಳಿಸಿದ್ದು ಅದರ ನಾಲ್ಕು ಪಟ್ಟು! ಜನ ಆಪ್ಷನ್‌ಗೆ ಮರುಳಾಗುವುದು ಇಂಥ ಲೆಕ್ಕ ನೋಡಿಯೇ. ಷೇರು 1,300ಕ್ಕೆ ಕುಸಿದಿದ್ದರೂ ತಮ್ಮನೇ ವಾಸಿ: ಅಕ್ಕನಿಗೆ 80,000 ನಷ್ಟ, ಅವನಿಗೆ 16,000 ಮಾತ್ರ. ಅದಕ್ಕಿಂತ ಹೆಚ್ಚು ಹೋಗುವಂತಿಲ್ಲ.

ಹೊಸಬರ ಕಣ್ಣಿಗೆ ಬೀಳದಿರುವುದು ಇವೆರಡರ ನಡುವಿನ ಜಾಗ. ಷೇರು 1,520ಕ್ಕೆ ನಿಂತರೆ ಅಕ್ಕನಿಗೆ 8,000 ಲಾಭ. ತಮ್ಮನ ಹಕ್ಕಿಗೆ ಸಿಗುವುದೂ 8,000. ಆದರೆ ಅವನು ಕೊಟ್ಟಿದ್ದು 16,000. ಬೆಲೆ ಏರುತ್ತದೆ ಎಂಬ ಅವನ ಊಹೆ ನಿಜವಾಯಿತು, ದುಡ್ಡು ಮಾತ್ರ ಅರ್ಧಕ್ಕಿಳಿಯಿತು. ಅಸಲು ಹುಟ್ಟಲು ಬೆಲೆ 1,540 ಮುಟ್ಟಬೇಕು. ಬೆಲೆ ಕದಲದೆ 1,500ರಲ್ಲೇ ಉಳಿದರೆ ಅಕ್ಕ ಕಳೆದುಕೊಳ್ಳುವುದು ಏನೂ ಇಲ್ಲ, ತಮ್ಮನ ಪೂರ್ತಿ 16,000 ಹೋಗುತ್ತದೆ. ಮರುವಾರವೇ ಷೇರು 1,700ಕ್ಕೆ ಹಾರಿದರೂ ಅವನಿಗೆ ಬಿಡಿಗಾಸಿಲ್ಲ. ಅಕ್ಕ ಕಾಯಬಲ್ಲಳು, ಕಾಯುವಾಗ ಡಿವಿಡೆಂಡ್ ಬಂದರೆ ಅದೂ ಅವಳದೇ.

ಇನ್ನೊಂದು ತೊಡಕಿದೆ. ನಿಫ್ಟಿಯಂಥ ಸೂಚ್ಯಂಕದ ಆಪ್ಷನ್ ಆಗಿದ್ದರೆ ವ್ಯತ್ಯಾಸದ ಹಣ ಖಾತೆಗೆ ಬಂದು ವ್ಯವಹಾರ ಮುಗಿಯುತ್ತದೆ. ನಮ್ಮಲ್ಲಿ 2019ರ ಅಕ್ಟೋಬರ್‌ನಿಂದ ಕಂಪನಿ ಷೇರುಗಳ ಎಲ್ಲ ಆಪ್ಷನ್‌ಗಳಿಗೂ ಷೇರನ್ನೇ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಬಂದಿದೆ. ಅಂದರೆ ಬೆಲೆ 1,520ಕ್ಕೆ ನಿಂತ ದಿನ ತಮ್ಮ ಸುಮ್ಮನಿದ್ದರೆ, 6 ಲಕ್ಷ ಕಟ್ಟಿ 400 ಷೇರು ತೆಗೆದುಕೊಳ್ಳಬೇಕು. ಎಕ್ಸ್‌ಪೈರಿ ಹತ್ತಿರವಾದಂತೆ ಬ್ರೋಕರ್ ಹೆಚ್ಚು ಮಾರ್ಜಿನ್ ಕೇಳುವುದು ಇದಕ್ಕೇ. ಅಷ್ಟು ಹಣ ಹೊಂದಿಸಲಾಗದವನು ಎಕ್ಸ್‌ಪೈರಿಗೆ ಮೊದಲೇ ಆಪ್ಷನ್ ಮಾರಿ ಹೊರಬರಬೇಕು, ಆ ಹೊತ್ತಿಗೆ ಎಷ್ಟು ಸಿಗುತ್ತದೋ ಅಷ್ಟಕ್ಕೆ.